ಮೆಟ್ರೊ ಗೇಟಿನ ಅರ್ಧ ಸೆಕೆಂಡು: ಕಾರ್ಡಿನಿಂದ ಹಣ ಕಡಿತವಾಗುವುದು ಎಲ್ಲಿ, ಯಾವಾಗ, ಹೇಗೆ?

ನಮ್ಮ ಮೆಟ್ರೊ ಸ್ಮಾರ್ಟ್ ಕಾರ್ಡಿನಲ್ಲಿ ₹83 ಇದೆ ಎಂದುಕೊಳ್ಳಿ. ಹೋಗಬೇಕಾದದ್ದು ಮುಂದಿನ ನಿಲ್ದಾಣಕ್ಕೆ, ಅದರ ದರ ₹10. ಆದರೂ ಗೇಟು ತೆರೆಯುವುದಿಲ್ಲ, ಬ್ಯಾಲೆನ್ಸ್ ಸಾಲದು ಎನ್ನುತ್ತದೆ. 2025ರ ಫೆಬ್ರವರಿ 9ರಂದು ದರ ಪರಿಷ್ಕರಣೆಯಾದ ಮೇಲೆ ಎಷ್ಟೋ ಪ್ರಯಾಣಿಕರು ಇದನ್ನು ಅನ್ಯಾಯವೆಂದೇ ಭಾವಿಸಿದ್ದಾರೆ. ಹತ್ತು ರೂಪಾಯಿಯ ಪ್ರಯಾಣಕ್ಕೆ ತೊಂಬತ್ತು ರೂಪಾಯಿ ಏಕೆ ಇರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಸಿಗಬೇಕಾದರೆ ಕಾರ್ಡ್ ತೋರಿಸಿದ ಕ್ಷಣಕ್ಕೂ ಗೇಟಿನ ರೆಕ್ಕೆ ತೆರೆಯುವ ಕ್ಷಣಕ್ಕೂ ನಡುವೆ ಏನಾಗುತ್ತದೆ ಎಂಬುದನ್ನು ನೋಡಬೇಕು. ರೀಚಾರ್ಜ್ ಮಾಡಿದ ಹಣ ಕಾಣದಿರುವುದು, 'ಈಗಾಗಲೇ ಒಳಗೆ ಹೋಗಿದ್ದೀರಿ' ಎಂದು ಗೇಟು ತಡೆಯುವುದು, ವಿದೇಶದಲ್ಲಿ ಕಾರ್ಡಿನ ಬದಲು ಫೋನನ್ನೇ ಗೇಟಿಗೆ ತೋರಿಸಿದವರಿಗೆ ದುಪ್ಪಟ್ಟು ದರ ಬೀಳುವುದು, ಈ ಎಲ್ಲದರ ಮೂಲವೂ ಅದೇ ಕ್ಷಣದಲ್ಲಿದೆ.

ಮೊದಲು ತಿಳಿಯಬೇಕಾದ ಸಂಗತಿ: ನಮ್ಮ ಸ್ಮಾರ್ಟ್ ಕಾರ್ಡಿನ ವ್ಯವಸ್ಥೆಯಲ್ಲಿ ಗೇಟು ಯಾರನ್ನೂ ಕೇಳುವುದಿಲ್ಲ. ಎಟಿಎಂ ಪ್ರತಿ ಸಲವೂ ಬ್ಯಾಂಕಿನ ಸರ್ವರನ್ನು ಕೇಳಿ ಹಣ ಕೊಡುತ್ತದೆ, ಅದಕ್ಕೆ ಕೆಲವು ಸೆಕೆಂಡು ಹಿಡಿದರೂ ಯಾರಿಗೂ ತೊಂದರೆಯಿಲ್ಲ. ಬೆಳಿಗ್ಗೆ ಒಂಬತ್ತು ಗಂಟೆಗೆ ಮೆಜೆಸ್ಟಿಕ್‌ನ ಒಂದು ಗೇಟಿನ ಮುಂದೆ ಪ್ರತಿಯೊಬ್ಬರೂ ಮೂರು ಸೆಕೆಂಡು ನಿಂತರೆ ಸಾಲು ಎಸ್ಕಲೇಟರಿನವರೆಗೆ ಬೆಳೆಯುತ್ತದೆ. ಲಂಡನ್ ಸಾರಿಗೆ ಸಂಸ್ಥೆ ಟಿಎಫ್‌ಎಲ್ ತನ್ನ ರೀಡರುಗಳಿಗೆ ಇಟ್ಟುಕೊಂಡ ಮಿತಿ ಅರ್ಧ ಸೆಕೆಂಡು. ಜಪಾನಿನ ಜೆಆರ್ ಈಸ್ಟ್ ಕಂಪನಿ 2001ರಲ್ಲಿ 'ಸುಯಿಕಾ' ಕಾರ್ಡ್ ತಂದಾಗ ಇಟ್ಟುಕೊಂಡ ಗುರಿ ಇನ್ನೂ ಬಿಗಿ, 0.2 ಸೆಕೆಂಡು. ಅಷ್ಟರೊಳಗೆ ದೂರದ ಸರ್ವರಿಗೆ ಹೋಗಿ ಉತ್ತರ ತರುತ್ತೇವೆಂದು ಪ್ರತಿ ಸಲವೂ ಭರವಸೆ ಕೊಡಲಾಗದು. ನೆಟ್‌ವರ್ಕ್ ಕೈಕೊಟ್ಟ ದಿನ ನಿಲ್ದಾಣವೇ ಸ್ಥಗಿತವಾಗಬಾರದು ಎಂಬುದೂ ಇದೆ. ಆದ್ದರಿಂದ ನಿರ್ಧಾರಕ್ಕೆ ಬೇಕಾದದ್ದೆಲ್ಲ ಎರಡೇ ಕಡೆ ಇರಬೇಕು: ನಿಮ್ಮ ಕೈಯಲ್ಲಿರುವ ಚಿಪ್ಪಿನಲ್ಲಿ ಮತ್ತು ಗೇಟಿನ ಹೊಟ್ಟೆಯಲ್ಲಿ.

ಕಾರ್ಡ್ ತೋರಿಸಿದಾಗ ಆಗುವುದು

ಕಾರ್ಡಿಗೆ ಬ್ಯಾಟರಿ ಇಲ್ಲ. ಅದರ ಅಂಚಿನ ಸುತ್ತ ಪ್ಲಾಸ್ಟಿಕ್ ಪದರದೊಳಗೆ ತೆಳು ತಂತಿಯ ಸುರುಳಿಯೊಂದಿದೆ. ಗೇಟಿನ ರೀಡರು 13.56 ಮೆಗಾಹರ್ಟ್ಸ್‌ನಲ್ಲಿ ಸದಾ ಒಂದು ಕಾಂತಕ್ಷೇತ್ರವನ್ನು ಹೊಮ್ಮಿಸುತ್ತಿರುತ್ತದೆ. ಕಾರ್ಡ್ ಕೆಲವೇ ಸೆಂಟಿಮೀಟರ್ ಹತ್ತಿರ ಬಂದಾಗ ಆ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ ಚಿಪ್ ಎಚ್ಚರವಾಗುತ್ತದೆ. ಚಿಪ್ಪಿಗೆ ವಿದ್ಯುತ್ ಬರುವುದೂ ಮಾತುಕತೆ ನಡೆಯುವುದೂ ಇದೇ ಕ್ಷೇತ್ರದ ಮೂಲಕ. ಕಾರ್ಡ್ ದೂರ ಸರಿದ ಕ್ಷಣ ಚಿಪ್ ಸತ್ತುಹೋಗುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

ಎಚ್ಚರವಾದ ಚಿಪ್ ತನ್ನ ಗುರುತಿನ ಸಂಖ್ಯೆ ಹೇಳುತ್ತದೆ. ಪರ್ಸಿನಲ್ಲಿ ಇನ್ನೊಂದು ಟ್ಯಾಪ್ ಕಾರ್ಡ್ ಇದ್ದರೆ ಎರಡೂ ಒಟ್ಟಿಗೆ ಉತ್ತರಿಸುತ್ತವೆ. ಆಗ ಯಾವುದರಿಂದ ಹಣ ತೆಗೆಯಬೇಕೆಂದು ಊಹಿಸುವ ಬದಲು ರೀಡರು ಸಾಮಾನ್ಯವಾಗಿ ಎರಡನ್ನೂ ನಿರಾಕರಿಸುತ್ತದೆ. ಪರ್ಸನ್ನೇ ಗೇಟಿಗೆ ಒತ್ತುವವರಿಗೆ ಆಗಾಗ ಕೆಂಪು ದೀಪ ಕಾಣುವುದಕ್ಕೆ ಇದೇ ಕಾರಣ.

ಇನ್ನು ಪರಸ್ಪರ ಪರೀಕ್ಷೆ. ಕಾರ್ಡ್ ನಕಲಿಯಲ್ಲವೆಂದು ಗೇಟಿಗೂ, ಗೇಟು ನಕಲಿಯಲ್ಲವೆಂದು ಕಾರ್ಡಿಗೂ ಖಾತ್ರಿಯಾಗಬೇಕು. ಒಬ್ಬರು ಯಾದೃಚ್ಛಿಕ ಸಂಖ್ಯೆಯೊಂದನ್ನು ಕಳಿಸುತ್ತಾರೆ, ಇನ್ನೊಬ್ಬರು ರಹಸ್ಯ ಕೀಲಿಯಿಂದ ಅದನ್ನು ಗೂಢಲಿಪಿಗೆ ತಿರುಗಿಸಿ ಮರಳಿಸುತ್ತಾರೆ. ಕೀಲಿ ಮಾತ್ರ ಗಾಳಿಯಲ್ಲಿ ಎಂದೂ ಸಾಗುವುದಿಲ್ಲ. ಗೇಟಿನ ಪಾಲಿನ ಕೀಲಿಗಳು ಸಿಮ್ ಕಾರ್ಡಿನಂತೆ ಕಾಣುವ 'ಸ್ಯಾಮ್' ಎಂಬ ಪುಟ್ಟ ಭದ್ರತಾ ಚಿಪ್ಪಿನಲ್ಲಿರುತ್ತವೆ. ಗೇಟನ್ನೇ ಕಿತ್ತುಕೊಂಡು ಹೋದರೂ ಕೀಲಿಯನ್ನು ಹೊರತೆಗೆಯಲು ಆಗಬಾರದು ಎಂಬುದು ಉದ್ದೇಶ. ಪ್ರತಿ ಕಾರ್ಡಿನ ಕೀಲಿಯೂ ಬೇರೆ ಬೇರೆ. ಮೂಲ ಕೀಲಿ ಮತ್ತು ಕಾರ್ಡಿನ ಗುರುತಿನ ಸಂಖ್ಯೆ ಎರಡನ್ನೂ ಸೇರಿಸಿ ಸ್ಯಾಮ್ ಅದನ್ನು ಆ ಕ್ಷಣಕ್ಕೆ ಲೆಕ್ಕ ಹಾಕಿಕೊಳ್ಳುತ್ತದೆ. ಹೀಗಾಗಿ ಒಂದು ಕಾರ್ಡನ್ನು ಯಾರೋ ಭೇದಿಸಿದರೂ ಉಳಿದವುಗಳಿಗೆ ಅಪಾಯವಿಲ್ಲ.

ಪರೀಕ್ಷೆ ಮುಗಿದ ಮೇಲೆ ಗೇಟು ಚಿಪ್ಪಿನ ಕಡತಗಳನ್ನು ಓದುತ್ತದೆ. ಇಲ್ಲಿ ಮುಖ್ಯವಾದವು ಮೂರು. ಒಂದರಲ್ಲಿ ಬ್ಯಾಲೆನ್ಸ್ ಇದೆ. ಇನ್ನೊಂದರಲ್ಲಿ ಪ್ರಯಾಣದ ಸ್ಥಿತಿ, ಅಂದರೆ ಈ ಕಾರ್ಡ್ ಈಗ ಒಳಗಿದೆಯೋ ಹೊರಗಿದೆಯೋ, ಒಳಗಿದ್ದರೆ ಯಾವ ನಿಲ್ದಾಣದಿಂದ ಎಷ್ಟು ಹೊತ್ತಿಗೆ ಬಂತು ಎಂಬ ವಿವರ. ಮೂರನೆಯದು ಇತ್ತೀಚಿನ ಕೆಲವು ವ್ಯವಹಾರಗಳ ಪಟ್ಟಿ. ಹೊಸದು ಬಂದಾಗ ತೀರಾ ಹಳೆಯದು ಅಳಿಯುತ್ತದೆ. ಗ್ರಾಹಕ ಸೇವಾ ಕೇಂದ್ರದ ಸಿಬ್ಬಂದಿ ಕಾರ್ಡನ್ನು ಯಂತ್ರದ ಮೇಲಿಟ್ಟು 'ನಿನ್ನೆ ಇಲ್ಲಿ ಇಳಿದಿದ್ದೀರಿ, ಇಷ್ಟು ಕಡಿತವಾಗಿದೆ' ಎಂದು ಹೇಳುವುದು ಈ ಪಟ್ಟಿ ನೋಡಿ.

ಒಂದು ಪ್ರಯಾಣದ ಲೆಕ್ಕ

₹60 ದರವಿರುವ ಎರಡು ನಿಲ್ದಾಣಗಳ ನಡುವೆ ವಾರದ ದಿನವೊಂದರ ಮಧ್ಯಾಹ್ನ ಪ್ರಯಾಣ ಎಂದಿಟ್ಟುಕೊಳ್ಳೋಣ. ಕಾರ್ಡಿನಲ್ಲಿ ₹137 ಇದೆ. ಗಂಟೆ 12.40.

ಒಳಹೋಗುವ ಗೇಟು ಒಂದು ಪೈಸೆಯನ್ನೂ ತೆಗೆಯುವುದಿಲ್ಲ. ಅದು ನೋಡುವುದು ಇಷ್ಟೇ: ಕಾರ್ಡ್ ನಿಷೇಧಿತ ಪಟ್ಟಿಯಲ್ಲಿದೆಯೇ, ಅವಧಿ ಮುಗಿದಿದೆಯೇ, ಸ್ಥಿತಿ 'ಹೊರಗೆ' ಎಂದಿದೆಯೇ, ಕನಿಷ್ಠ ಬ್ಯಾಲೆನ್ಸ್ ಇದೆಯೇ. ಎಲ್ಲವೂ ಸರಿ ಇದ್ದರೆ ನಿಲ್ದಾಣದ ಸಂಕೇತ ಸಂಖ್ಯೆಯನ್ನೂ ಸಮಯವನ್ನೂ ಚಿಪ್ಪಿನ ಮೇಲೆ ಬರೆದು, ಸ್ಥಿತಿಯನ್ನು 'ಒಳಗೆ' ಎಂದು ಬದಲಿಸಿ, ರೆಕ್ಕೆ ತೆರೆಯುತ್ತದೆ. ಒಂದೇ ಕಾರ್ಡಿನಲ್ಲಿ ಇಬ್ಬರು ಒಳಹೋಗಲು ಆಗದಿರುವುದು ಈ ಒಂದು ಗುರುತಿನಿಂದ. ಹಿಂದೆ ಬಂದವರಿಗೆ ಕಾರ್ಡ್ ದಾಟಿಸಿದರೆ ಗೇಟಿಗೆ ಕಾಣುವುದು 'ಒಳಗೆ' ಎಂಬ ಸ್ಥಿತಿ.

1.15ಕ್ಕೆ ಇಳಿದು ಹೊರಗೇಟಿಗೆ ಕಾರ್ಡ್ ತೋರಿಸಿದಾಗ ನಿಜವಾದ ಲೆಕ್ಕ. ಆ ಗೇಟಿಗೆ ತಾನು ಯಾವ ನಿಲ್ದಾಣದಲ್ಲಿದ್ದೇನೆಂದು ಗೊತ್ತು, ಹತ್ತಿದ ನಿಲ್ದಾಣವನ್ನು ಕಾರ್ಡೇ ಹೇಳುತ್ತದೆ. ಈ ಎರಡನ್ನು ಹಿಡಿದು ಅದು ತನ್ನೊಳಗಿನ ದರ ಕೋಷ್ಟಕ ನೋಡುತ್ತದೆ. ಕಿಲೋಮೀಟರ್ ಎಣಿಸುವ ಕೆಲಸ ಗೇಟಿನದಲ್ಲ. 0ಯಿಂದ 2 ಕಿ.ಮೀ.ಗೆ ₹10, 25 ಕಿ.ಮೀ. ದಾಟಿದರೆ ₹90 ಎಂಬ ಹಂತಗಳು ನಾವು ಪತ್ರಿಕೆಯಲ್ಲಿ ಓದುವ ನಿಯಮ. ಗೇಟಿನಲ್ಲಿ ಇರುವುದು ಆ ನಿಯಮದಿಂದ ಮೊದಲೇ ತಯಾರಿಸಿದ 'ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಇಷ್ಟು' ಎಂಬ ಪಟ್ಟಿ. ಎಂಬತ್ತಕ್ಕೂ ಹೆಚ್ಚು ನಿಲ್ದಾಣಗಳಿರುವ ನಮ್ಮ ಮೆಟ್ರೊದಲ್ಲಿ ಇಂಥ ಜೋಡಿಗಳು ಮೂರು ಸಾವಿರ ಮೀರುತ್ತವೆ. ಯಂತ್ರಕ್ಕೆ ಇದು ಬಹಳ ಚಿಕ್ಕ ಪಟ್ಟಿ. 2025ರ ಫೆಬ್ರವರಿ 9ರ ಏರಿಕೆಗೆ ವಿರೋಧ ಬಂದಾಗ, ಕನಿಷ್ಠ ₹10 ಮತ್ತು ಗರಿಷ್ಠ ₹90 ಹಾಗೆಯೇ ಉಳಿಸಿಕೊಂಡು, ತೀರಾ ಹೆಚ್ಚಾಗಿದ್ದ ಜೋಡಿಗಳ ದರವನ್ನು ಫೆಬ್ರವರಿ 14ರಿಂದ ಇಳಿಸಲಾಯಿತು. ಐದೇ ದಿನದಲ್ಲಿ ಅದು ಸಾಧ್ಯವಾದದ್ದು ದರ ಇರುವುದು ಕೋಷ್ಟಕದ ರೂಪದಲ್ಲಿ ಎಂಬ ಕಾರಣದಿಂದ. ಹೊಸ ಕೋಷ್ಟಕವನ್ನು ಕೇಂದ್ರದ ಕಂಪ್ಯೂಟರಿನಿಂದ ನಿಲ್ದಾಣದ ಕಂಪ್ಯೂಟರಿಗೆ, ಅಲ್ಲಿಂದ ಪ್ರತಿ ಗೇಟಿಗೂ ಮೊದಲೇ ಕಳಿಸಿ, 'ಇಂಥ ದಿನದಿಂದ ಜಾರಿ' ಎಂದು ಗುರುತು ಹಾಕಿದರೆ ಸಾಕು.

ಮೂಲ ದರ ₹60 ಸಿಕ್ಕಿತು. ಮುಂದೆ ರಿಯಾಯಿತಿ. 2025ರ ಪರಿಷ್ಕರಣೆಯ ಪ್ರಕಾರ ಸ್ಮಾರ್ಟ್ ಕಾರ್ಡಿಗೆ ಯಾವಾಗಲೂ 5%, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೂ 5%. ದಟ್ಟಣೆ ಇಲ್ಲದ ಹೊತ್ತೆಂದರೆ ಸಂಚಾರ ಆರಂಭದಿಂದ ಬೆಳಿಗ್ಗೆ 8, ಮಧ್ಯಾಹ್ನ 12ರಿಂದ 4, ರಾತ್ರಿ 9ರಿಂದ ಕೊನೆಯ ರೈಲಿನವರೆಗೆ. ಭಾನುವಾರ ಮತ್ತು ರಾಷ್ಟ್ರೀಯ ಹಬ್ಬಗಳಂದು ದಿನವಿಡೀ 10%. ನಮ್ಮ ಉದಾಹರಣೆಯಲ್ಲಿ ಹತ್ತಿದ್ದೂ ಇಳಿದದ್ದೂ ಮಧ್ಯಾಹ್ನ 12 ಮತ್ತು 4ರ ನಡುವೆ. ಆದ್ದರಿಂದ ₹6 ಕಳೆದು ₹54. ಬ್ಯಾಲೆನ್ಸ್ 137ರಿಂದ 83ಕ್ಕೆ ಇಳಿಯುತ್ತದೆ, ಸ್ಥಿತಿ 'ಹೊರಗೆ' ಆಗುತ್ತದೆ, ವ್ಯವಹಾರದ ಪಟ್ಟಿಗೆ ಒಂದು ಸಾಲು ಸೇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇದೇ ಪ್ರಯಾಣ ಮಾಡಿದ್ದರೆ ₹57 ಕಡಿತವಾಗುತ್ತಿತ್ತು. ₹10ರ ಪ್ರಯಾಣಕ್ಕೆ 5% ಕಳೆದರೆ ₹9.50. ಪೈಸೆ ಲೆಕ್ಕ ಕಾರ್ಡಿನಲ್ಲಿ ಇನ್ನೂ ಉಳಿದಿರುವುದು ಈ ಶೇಕಡಾವಾರಿನಿಂದ.

ರಿಯಾಯಿತಿಯನ್ನು ಹತ್ತಿದ ಸಮಯ ನೋಡಿ ಕೊಡಬೇಕೋ ಇಳಿದ ಸಮಯ ನೋಡಿ ಕೊಡಬೇಕೋ ಎಂಬುದು ಆಯಾ ಮೆಟ್ರೊ ಬರೆದುಕೊಳ್ಳುವ ನಿಯಮ, ಏಕೆಂದರೆ ಹೊರಗೇಟಿಗೆ ಎರಡೂ ಗೊತ್ತಿರುತ್ತವೆ. 7.50ಕ್ಕೆ ಹತ್ತಿ 8.20ಕ್ಕೆ ಇಳಿಯುವವರಿಗೆ ಇದರಿಂದ ವ್ಯತ್ಯಾಸವಾಗುತ್ತದೆ. ನಿಮ್ಮ ಕಾರ್ಡಿನ ವ್ಯವಹಾರ ಪಟ್ಟಿಯಲ್ಲಿ ಅಂಥ ಒಂದು ದಿನದ ಕಡಿತ ನೋಡಿದರೆ ನಿಯಮ ಯಾವುದೆಂದು ತಾನೇ ತಿಳಿಯುತ್ತದೆ.

ಈಗ ಉಳಿದದ್ದು ₹83. ಮುಂದಿನ ಸಲ ಗೇಟು ತಡೆದದ್ದು ಏಕೆಂದರೆ, ಒಳಹೋಗುವಾಗ ನೀವು ಎಲ್ಲಿ ಇಳಿಯುತ್ತೀರೆಂದು ಅದಕ್ಕೆ ಗೊತ್ತಿಲ್ಲ. ನೀವು ಮನಸ್ಸು ಬದಲಿಸಿ ಕೊನೆಯ ನಿಲ್ದಾಣಕ್ಕೂ ಹೋಗಬಹುದು, ಆಗ ದರ ₹90 ಆಗಬಹುದು. ಹೊರಗೇಟಿನಲ್ಲಿ ಬ್ಯಾಲೆನ್ಸ್ ಸಾಲದೆ ಸಿಕ್ಕಿಹಾಕಿಕೊಂಡರೆ ಆ ಗೇಟು ಕಟ್ಟಿಕೊಳ್ಳುತ್ತದೆ, ಹಿಂದಿನವರೂ ನಿಲ್ಲುತ್ತಾರೆ. ಆದ್ದರಿಂದ ಗರಿಷ್ಠ ದರ ₹60 ಇದ್ದಾಗ ₹50 ಇದ್ದ ಕನಿಷ್ಠ ಬ್ಯಾಲೆನ್ಸ್, ಗರಿಷ್ಠ ದರ ₹90 ಆದಾಗ ₹90ಕ್ಕೆ ಏರಿತು. ನಿಯಮಕ್ಕೆ ತರ್ಕವಿದೆ. ಆದರೆ ದಿನವೂ ಎರಡೇ ನಿಲ್ದಾಣ ಓಡಾಡುವವರ ₹80 ಸದಾ ಕಾರ್ಡಿನಲ್ಲೇ ಕೂತಿರುತ್ತದೆ ಎಂಬುದೂ ನಿಜ. ಈ ಹೊರೆ ಹೆಚ್ಚು ಬೀಳುವುದು ಸಣ್ಣ ಮೊತ್ತ ಹಾಕಿಸಿಕೊಳ್ಳುವ ಕೂಲಿಕಾರರ, ವಿದ್ಯಾರ್ಥಿಗಳ ಮೇಲೆ. ಕನಿಷ್ಠ ಬ್ಯಾಲೆನ್ಸನ್ನು ಸ್ವಲ್ಪ ತಗ್ಗಿಸಿ, ಅಪರೂಪಕ್ಕೆ ಕೊರತೆ ಬಿದ್ದಾಗ ಒಂದು ಸಲ ಋಣ ಬ್ಯಾಲೆನ್ಸ್‌ಗೆ ಅವಕಾಶ ಕೊಟ್ಟು ಮುಂದಿನ ರೀಚಾರ್ಜಿನಲ್ಲಿ ಹಿಡಿದುಕೊಳ್ಳುವುದು ಚಿಪ್ಪಿಗೆ ಕಷ್ಟದ ಕೆಲಸವಲ್ಲ. ಕಾರ್ಡ್ ಕೊಳ್ಳುವಾಗ ಕೊಡುವ ಹಣ ಆ ನಷ್ಟಕ್ಕೆ ಒಂದು ಮಟ್ಟಿನ ಭದ್ರತೆಯಾಗಬಲ್ಲದು. ಇದು ಆಡಳಿತ ಯೋಚಿಸಬೇಕಾದ ವಿಷಯ.

ಅರ್ಧಕ್ಕೆ ಕಡಿದುಹೋದ ಟ್ಯಾಪ್

ಕಾರ್ಡ್ ದೂರ ಸರಿದ ಕ್ಷಣ ಚಿಪ್ ಸಾಯುತ್ತದೆ ಎಂದೆವಲ್ಲ, ಅದರ ಪರಿಣಾಮ ಇಲ್ಲಿದೆ. ಅವಸರದಲ್ಲಿ ಕಾರ್ಡನ್ನು ರೀಡರಿನ ಮೇಲೆ ಸವರಿಕೊಂಡು ಹೋಗುವವರ ಕೈ, ಬರೆಯುವ ಕೆಲಸ ಮುಗಿಯುವ ಮೊದಲೇ ದಾಟಿರುತ್ತದೆ. ಬ್ಯಾಲೆನ್ಸ್ ಇಳಿದು ಸ್ಥಿತಿ ಮಾತ್ರ ಬದಲಾಗದೆ ಉಳಿದರೆ ಲೆಕ್ಕವೇ ಕೆಡುತ್ತದೆ. ಅದಕ್ಕಾಗಿ ಇಂಥ ಚಿಪ್ಪುಗಳು ಎಲ್ಲ ಬದಲಾವಣೆಗಳನ್ನೂ ಮೊದಲು ಪಕ್ಕಕ್ಕೆ ಬರೆದಿಟ್ಟುಕೊಂಡು, 'ಖಾಯಂ ಮಾಡು' ಎಂಬ ಕೊನೆಯ ಆದೇಶ ಬಂದಾಗ ಒಟ್ಟಿಗೆ ಜಾರಿ ಮಾಡುತ್ತವೆ. ಅಷ್ಟರೊಳಗೆ ವಿದ್ಯುತ್ ಹೋದರೆ ಹಳೆಯ ಸ್ಥಿತಿಯೇ ಉಳಿಯುತ್ತದೆ. ಆಗಬಹುದಾದದ್ದು ಎರಡೇ, ಪೂರ್ತಿ ಆಗುವುದು ಅಥವಾ ಏನೂ ಆಗದಿರುವುದು.

ಕಾರ್ಡಿನ ಮಟ್ಟಿಗೆ ಸಮಸ್ಯೆ ಇಲ್ಲಿಗೆ ತೀರಿತು, ಆದರೆ ಗೇಟಿಗೆ ತೀರಲಿಲ್ಲ. ಕೊನೆಯ ಆದೇಶ ಕಳಿಸಿದ ಮೇಲೆ, ಅದಕ್ಕೆ ಉತ್ತರ ಬರುವ ಮೊದಲು ಕಾರ್ಡ್ ಮಾಯವಾದರೆ, ಬದಲಾವಣೆ ಖಾಯಂ ಆಯಿತೋ ಇಲ್ಲವೋ ಎಂದು ಗೇಟಿಗೆ ತಿಳಿಯುವ ದಾರಿಯೇ ಇಲ್ಲ. ಅದು ರೆಕ್ಕೆ ತೆರೆಯದೆ 'ಮತ್ತೆ ತೋರಿಸಿ' ಎನ್ನುತ್ತದೆ. ಇತ್ತ ಚಿಪ್ಪಿನಲ್ಲಿ 'ಒಳಗೆ' ಎಂದು ಬರೆದಾಗಿರಬಹುದು. ಇಂಥ ಹೊತ್ತಿನಲ್ಲಿ ಬಹಳ ಜನ ಮಾಡುವುದು ಪಕ್ಕದ ಗೇಟಿಗೆ ಜಿಗಿಯುವುದು. ಪಕ್ಕದ ಗೇಟಿಗೆ ಈ ಕಥೆ ಗೊತ್ತಿಲ್ಲ. ಅದು ಚಿಪ್ ಓದಿ 'ಈಗಾಗಲೇ ಒಳಗಿದೆ' ಎಂದು ತಿರಸ್ಕರಿಸುತ್ತದೆ. ಮಾಡಬೇಕಾದದ್ದು ಅದೇ ಗೇಟಿಗೆ ಅದೇ ಕಾರ್ಡನ್ನು ತಕ್ಷಣ ಮತ್ತೆ ಹಿಡಿದು, ಒಂದು ಸೆಕೆಂಡು ಅಲುಗಾಡಿಸದೆ ನಿಲ್ಲುವುದು. ಅರ್ಧಕ್ಕೆ ನಿಂತ ವ್ಯವಹಾರದ ಗುರುತು ಆ ಗೇಟಿನ ನೆನಪಿನಲ್ಲಿ ಸ್ವಲ್ಪ ಹೊತ್ತು ಇರುತ್ತದೆ. ಕಾರ್ಡಿನ ಸಂಖ್ಯೆ ಹೊಂದಿಕೆಯಾದರೆ ಅದು ಎರಡನೇ ಸಲ ಹಣ ತೆಗೆಯದೆ ಗೇಟು ತೆರೆಯುತ್ತದೆ.

ಇದರ ಇನ್ನೊಂದು ಮುಖ ಹೊರಗೇಟಿನಲ್ಲಿ ಕಾಣುತ್ತದೆ. ಹಿಂದಿನ ಪ್ರಯಾಣದಲ್ಲಿ ಮುಂದಿನವರ ಬೆನ್ನಿಗೆ ಹತ್ತಿಕೊಂಡೇ ಹೊರಬಂದಿದ್ದರೆ, ಅಥವಾ ಗುಂಪು ಹೆಚ್ಚಾದಾಗ ಸಿಬ್ಬಂದಿ ಗೇಟುಗಳನ್ನು ತೆರೆದಿಟ್ಟಿದ್ದರೆ, ಕಾರ್ಡ್ ಇನ್ನೂ 'ಒಳಗೆ' ಎಂದೇ ಇರುತ್ತದೆ. ಮರುದಿನ ಬೆಳಿಗ್ಗೆ ಯಾವ ಗೇಟೂ ಒಳಬಿಡುವುದಿಲ್ಲ. ಇದು ಕಾರ್ಡ್ ಕೆಟ್ಟಿದ್ದಲ್ಲ. ಗ್ರಾಹಕ ಸೇವಾ ಕೇಂದ್ರದಲ್ಲಿ ಸ್ಥಿತಿಯನ್ನು ತಿದ್ದಿಸಿಕೊಂಡರೆ ಮತ್ತೆ ಸರಿಯಾಗುತ್ತದೆ. ಕಾರ್ಡೇ ಕೆಟ್ಟಿದ್ದರೆ ಲಕ್ಷಣ ಬೇರೆ, ಗೇಟು ಯಾವ ತಪ್ಪನ್ನೂ ತೋರಿಸದೆ ಸುಮ್ಮನಿರುತ್ತದೆ, ಕಾರ್ಡ್ ಬಂದದ್ದೇ ಅದಕ್ಕೆ ತಿಳಿದಿರುವುದಿಲ್ಲ. ಹಿಂಜೇಬಿನಲ್ಲಿ ಕಾರ್ಡ್ ಇಟ್ಟುಕೊಂಡು ಕೂತು ಎದ್ದು ಮಾಡಿದರೆ ಒಳಗಿನ ತಂತಿ ಚಿಪ್ಪಿನ ಸಂದಿಯಲ್ಲಿ ತುಂಡಾಗುತ್ತದೆ, ಆಗ ಆಗುವುದು ಇದೇ.

ರೀಚಾರ್ಜ್ ಮಾಡಿದ ಹಣ ಎಲ್ಲಿ ಹೋಯಿತು?

ಹಣ ಇರುವುದು ಚಿಪ್ಪಿನಲ್ಲಿ. ಮನೆಯಲ್ಲಿ ಕೂತು ಆ್ಯಪ್‌ನಿಂದ ₹200 ಹಾಕಿದಾಗ ಕಾರ್ಡ್ ಪರ್ಸಿನಲ್ಲಿದೆ, ಅದಕ್ಕೆ ಈ ಸುದ್ದಿ ತಲುಪಿಸುವವರು ಯಾರೂ ಇಲ್ಲ. ಆಗುವುದಿಷ್ಟು: ಮೆಟ್ರೊದ ಕೇಂದ್ರ ಕಂಪ್ಯೂಟರು 'ಈ ಸಂಖ್ಯೆಯ ಕಾರ್ಡ್ ಕಂಡರೆ ₹200 ಸೇರಿಸು' ಎಂಬ ಸಾಲೊಂದನ್ನು ಪಟ್ಟಿಗೆ ಹಾಕಿ ಎಲ್ಲ ನಿಲ್ದಾಣಗಳಿಗೆ ಕಳಿಸುತ್ತದೆ. ನೀವು ಯಾವ ನಿಲ್ದಾಣಕ್ಕೆ ಹೋಗುತ್ತೀರೆಂದು ಗೊತ್ತಿಲ್ಲದ್ದರಿಂದ ಪಟ್ಟಿ ಎಲ್ಲ ಕಡೆಗೂ ಹೋಗಬೇಕು. ಈ ಪಟ್ಟಿ ಹಂಚಿಕೆಯಾಗುವುದು ನಿಗದಿತ ಅಂತರದಲ್ಲಿ. ಹಣ ಹಾಕಿದ ಐದೇ ನಿಮಿಷದಲ್ಲಿ ಗೇಟಿಗೆ ಬಂದರೆ ಹಳೆಯ ಬ್ಯಾಲೆನ್ಸ್ ಕಾಣುವುದು ಈ ಕಾರಣಕ್ಕೆ. ಪಟ್ಟಿ ತಲುಪಿದ ಮೇಲೆ ಮೊದಲ ಟ್ಯಾಪಿನಲ್ಲೇ ಯಂತ್ರ ಹಣವನ್ನು ಚಿಪ್ಪಿಗೆ ಬರೆದು, 'ಆಯಿತು' ಎಂದು ವರದಿ ಕಳಿಸುತ್ತದೆ. ಕೇಂದ್ರ ಆ ಸಾಲನ್ನು ಅಳಿಸುತ್ತದೆ. ಬಹಳ ದಿನ ಟ್ಯಾಪ್ ಆಗದ ಸಾಲುಗಳನ್ನು ಪಟ್ಟಿಯಿಂದ ತೆಗೆಯುತ್ತಾರೆ, ಇಲ್ಲವಾದರೆ ಅದು ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ರೀಚಾರ್ಜ್ ಮಾಡಿ ಊರಿಗೆ ಹೋಗಿ ತಿಂಗಳುಗಟ್ಟಲೆ ಬಿಟ್ಟು ಬರುವವರು ಮೊದಲು ಕೌಂಟರಿನಲ್ಲಿ ವಿಚಾರಿಸುವುದು ಒಳ್ಳೆಯದು.

ಎನ್‌ಸಿಎಂಸಿ, ಅಂದರೆ 2019ರ ಮಾರ್ಚ್‌ನಲ್ಲಿ ಪ್ರಧಾನಿ ಅಹಮದಾಬಾದಿನಲ್ಲಿ ಬಿಡುಗಡೆ ಮಾಡಿದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡಿನಲ್ಲಿ ಗೊಂದಲ ಇನ್ನೂ ಹೆಚ್ಚು. ನಮ್ಮ ಮೆಟ್ರೊದಲ್ಲಿ ಇದು 2023ರಿಂದ ಬಳಕೆಯಲ್ಲಿದೆ. ರುಪೇ ಕಾರ್ಡಿನ ಚಿಪ್ಪಿನಲ್ಲೇ ಒಂದು ಆಫ್‌ಲೈನ್ ಕಿಸೆ ಇದೆ, ಅದರಲ್ಲಿ ₹2,000ದವರೆಗೆ ಹಣ ಇರಬಹುದು. ಗೇಟು ಹಣ ತೆಗೆಯುವುದು ಈ ಕಿಸೆಯಿಂದ ಮಾತ್ರ. ಕಾರ್ಡ್ ಕೊಟ್ಟ ಬ್ಯಾಂಕಿನ ಖಾತೆಯಲ್ಲಿ ಹತ್ತು ಸಾವಿರವಿದ್ದರೂ ಗೇಟಿಗೆ ಅದು ಕಾಣುವುದಿಲ್ಲ. ಆ್ಯಪ್‌ನಲ್ಲಿ ಹಣ ಹಾಕಿದಾಗ ಅದು ಸೇರುವುದು ಬ್ಯಾಂಕಿನ ಸರ್ವರಿನಲ್ಲಿರುವ ಲೆಕ್ಕಕ್ಕೆ. ಅಲ್ಲಿಂದ ಚಿಪ್ಪಿಗೆ ಇಳಿಸಲು ಇನ್ನೊಂದು ಹೆಜ್ಜೆ ಬೇಕು: ನಿಲ್ದಾಣದ ಯಂತ್ರದ ಮೇಲೆ ಕಾರ್ಡಿಟ್ಟು 'ಬ್ಯಾಲೆನ್ಸ್ ಅಪ್‌ಡೇಟ್' ಮಾಡಿಸಬೇಕು, ಇಲ್ಲವೇ ಬ್ಯಾಂಕಿನ ಆ್ಯಪ್‌ನಲ್ಲಿ ಸೌಲಭ್ಯವಿದ್ದರೆ ಎನ್‌ಎಫ್‌ಸಿ ಇರುವ ಫೋನಿನ ಬೆನ್ನಿಗೆ ಕಾರ್ಡ್ ಹಿಡಿದು ಮಾಡಿಕೊಳ್ಳಬೇಕು. ಈ ಒಂದು ಹಂತದಲ್ಲಿ ಮಾತ್ರ ಯಂತ್ರ ಬ್ಯಾಂಕಿನೊಡನೆ ನೇರವಾಗಿ ಮಾತಾಡುತ್ತದೆ. 'ಆ್ಯಪ್‌ನಲ್ಲಿ ₹500 ತೋರಿಸುತ್ತಿದೆ, ಗೇಟಿನಲ್ಲಿ ₹20 ತೋರಿಸುತ್ತಿದೆ' ಎಂಬ ದೂರಿನಲ್ಲಿ ಎರಡು ಅಂಕಿಗಳೂ ಸರಿಯೇ, ಅವು ಎರಡು ಬೇರೆ ಕಿಸೆಗಳ ಲೆಕ್ಕ.

ಕಿಸೆಯ ಹಣಕ್ಕೆ ಪಿನ್ ಇಲ್ಲ, ಒಟಿಪಿ ಇಲ್ಲ. ಕಾರ್ಡ್ ಕಳೆದರೆ ಬ್ಯಾಂಕಿಗೆ ಫೋನ್ ಮಾಡಿ ಖಾತೆಯನ್ನು ತಡೆಹಿಡಿಯಬಹುದು, ಚಿಪ್ಪಿನಲ್ಲಿರುವ ಹಣ ಕಳೆದ ನೋಟಿನಂತೆ ಹೋದದ್ದೇ. ದಿನದ ಓಡಾಟಕ್ಕೆ ಬೇಕಾದಷ್ಟನ್ನೇ ಅದರಲ್ಲಿಟ್ಟುಕೊಳ್ಳುವುದು ಜಾಣತನ.

ಫೋನಿನಲ್ಲಿ ಟ್ಯಾಪ್: ಲೆಕ್ಕ ಬೇರೆ ಕಡೆ

ಬೆಂಗಳೂರಿನಲ್ಲಿ ಫೋನು ಎಂದರೆ ಸದ್ಯಕ್ಕೆ ಬಹುಪಾಲು ಕ್ಯೂಆರ್ ಟಿಕೆಟ್. ಅದರ ಮೇಲೆ ಗೇಟು ಏನನ್ನೂ ಬರೆಯಲಾರದು. ಹಾಗಾಗಿ ಹತ್ತುವ ಇಳಿಯುವ ನಿಲ್ದಾಣಗಳನ್ನು ಮೊದಲೇ ಹೇಳಿ ಪೂರ್ತಿ ಹಣ ಕೊಡಬೇಕು, ಬಳಸಿದ ಟಿಕೆಟ್ ಯಾವುದೆಂದು ನಿಲ್ದಾಣಗಳು ತಮ್ಮತಮ್ಮಲ್ಲಿ ಲೆಕ್ಕ ಹಂಚಿಕೊಳ್ಳಬೇಕು. ಲಂಡನ್ನಿನಲ್ಲೋ ಸಿಂಗಪುರದಲ್ಲೋ ಇರುವ ಕನ್ನಡಿಗರು ಮಾಡುವ ಫೋನ್ ಟ್ಯಾಪ್ ಇದಕ್ಕಿಂತ ಪೂರ್ತಿ ಬೇರೆ.

ಲಂಡನ್ನಿನಲ್ಲಿ ಸಾಮಾನ್ಯ ಬ್ಯಾಂಕ್ ಕಾರ್ಡಿನ ಟ್ಯಾಪ್ 2012ರ ಡಿಸೆಂಬರಿನಲ್ಲಿ ಬಸ್ಸುಗಳಿಗೆ, 2014ರ ಸೆಪ್ಟೆಂಬರಿನಲ್ಲಿ ಟ್ಯೂಬ್ ರೈಲುಗಳಿಗೆ ಬಂತು. ಬ್ಯಾಂಕ್ ಕಾರ್ಡಿನಲ್ಲಿ ಪ್ರಯಾಣದ ವಿವರ ಬರೆಯುವ ಜಾಗ ಟಿಎಫ್‌ಎಲ್‌ಗೆ ಸಿಗುವುದಿಲ್ಲ. ಆದ್ದರಿಂದ ಗೇಟು ಮಾಡುವುದು ಎರಡೇ ಕೆಲಸ. ಕಾರ್ಡಿನ ಡಿಜಿಟಲ್ ಸಹಿಯನ್ನು ಪರೀಕ್ಷಿಸಿ ಅದು ಅಸಲಿಯೇ ಎಂದು ನೋಡುತ್ತದೆ. ತನ್ನಲ್ಲಿರುವ ನಿಷೇಧಿತ ಪಟ್ಟಿಯಲ್ಲಿ ಅದರ ಸಂಖ್ಯೆ ಇಲ್ಲವೆಂದು ಖಚಿತ ಮಾಡಿಕೊಳ್ಳುತ್ತದೆ. ಇಷ್ಟಾದರೆ ಗೇಟು ತೆರೆಯುತ್ತದೆ. ದರ ಎಷ್ಟೆಂದು ಗೇಟಿಗೆ ಗೊತ್ತೇ ಇಲ್ಲ. 'ಈ ಸಂಖ್ಯೆ, ಈ ನಿಲ್ದಾಣ, ಈ ಹೊತ್ತು' ಎಂಬ ಸಾಲು ಮಾತ್ರ ಸರ್ವರಿಗೆ ಹೋಗುತ್ತದೆ.

ಲಂಡನ್ ಸಾರಿಗೆಯ ದಿನ ಬೆಳಗಿನ ಜಾವ 4.30ಕ್ಕೆ ಶುರುವಾಗಿ ಮರುದಿನ 4.29ಕ್ಕೆ ಮುಗಿಯುತ್ತದೆ. ದಿನ ಮುಗಿದ ಮೇಲೆ ಸರ್ವರು ಒಂದು ಸಂಖ್ಯೆಯ ಎಲ್ಲ ಟ್ಯಾಪ್‌ಗಳನ್ನೂ ಹೊತ್ತಿನ ಕ್ರಮದಲ್ಲಿ ಜೋಡಿಸುತ್ತದೆ, ಒಳ-ಹೊರ ಟ್ಯಾಪ್‌ಗಳನ್ನು ಜೊತೆ ಮಾಡಿ ಪ್ರಯಾಣಗಳನ್ನು ಕಟ್ಟುತ್ತದೆ, ಪ್ರತಿಯೊಂದಕ್ಕೂ ದರ ಹಾಕುತ್ತದೆ, ಒಟ್ಟು ಮೊತ್ತ ದಿನದ ಗರಿಷ್ಠ ಮಿತಿ ದಾಟಿದರೆ ಅಲ್ಲಿಗೇ ನಿಲ್ಲಿಸುತ್ತದೆ. ಆ ಮೇಲೆ ಬ್ಯಾಂಕಿನಿಂದ ಒಂದೇ ಸಲ ಹಣ ಕೇಳುತ್ತದೆ. ಸೋಮವಾರದಿಂದ ಭಾನುವಾರದವರೆಗಿನ ವಾರದ ಮಿತಿಯೂ ಹೀಗೆಯೇ. ಪಾಸ್ ಕೊಳ್ಳಬೇಕೋ ಬೇಡವೋ ಎಂದು ಪ್ರಯಾಣಿಕರು ಮೊದಲೇ ಲೆಕ್ಕ ಹಾಕಬೇಕಾಗಿಲ್ಲ, ಇದು ಈ ವ್ಯವಸ್ಥೆಯ ದೊಡ್ಡ ಉಪಕಾರ. ಬ್ಯಾಂಕ್ ಹಣ ಕೊಡದಿದ್ದರೆ ಆ ಸಂಖ್ಯೆ ನಿಷೇಧಿತ ಪಟ್ಟಿ ಸೇರಿ, ಬಾಕಿ ತೀರುವವರೆಗೆ ಗೇಟು ಕೆಂಪು ತೋರಿಸುತ್ತದೆ.

ದುಪ್ಪಟ್ಟು ದರದ ಗುಟ್ಟೂ ಇಲ್ಲೇ ಇದೆ. ಫೋನಿಗೆ ಸೇರಿಸಿದ ಬ್ಯಾಂಕ್ ಕಾರ್ಡಿಗೆ ಫೋನಿನೊಳಗೆ ಬೇರೆಯೇ ಸಂಖ್ಯೆ ಇರುತ್ತದೆ. ಕಾರ್ಡಿನ ನಿಜವಾದ ಸಂಖ್ಯೆ ಅಂಗಡಿಗಳಿಗೆ ಸಿಗಬಾರದೆಂದು ಮಾಡಿದ ಏರ್ಪಾಡು ಇದು. ಅದೇ ಕಾರ್ಡನ್ನು ಗಡಿಯಾರಕ್ಕೂ ಸೇರಿಸಿದರೆ ಮತ್ತೊಂದು ಸಂಖ್ಯೆ. ಬೆಳಿಗ್ಗೆ ಫೋನಿನಿಂದ ಟ್ಯಾಪ್ ಮಾಡಿ ಒಳಹೋಗಿ, ಬ್ಯಾಟರಿ ಮುಗಿದು, ಅದೇ ಖಾತೆಯ ಪ್ಲಾಸ್ಟಿಕ್ ಕಾರ್ಡಿನಿಂದ ಹೊರಬಂದಿರಿ ಎನ್ನೋಣ. ಸರ್ವರಿಗೆ ಕಾಣುವುದು ಇಬ್ಬರು ಪ್ರಯಾಣಿಕರು: ಒಬ್ಬರು ಒಳಹೋಗಿ ಹೊರಬರಲೇ ಇಲ್ಲ, ಇನ್ನೊಬ್ಬರು ಒಳಹೋಗದೆ ಹೊರಬಂದರು. ಇಬ್ಬರಿಗೂ ಅಪೂರ್ಣ ಪ್ರಯಾಣದ ಗರಿಷ್ಠ ದರ ಬೀಳುತ್ತದೆ, ದಿನದ ಮಿತಿಯ ಲಾಭವೂ ಒಡೆದುಹೋಗುತ್ತದೆ. ಒಂದೇ ಸಾಧನವನ್ನು ಇಡೀ ದಿನ, ಸಾಧ್ಯವಾದರೆ ಇಡೀ ವಾರ ಬಳಸಿ ಎಂದು ಟಿಎಫ್‌ಎಲ್ ಮತ್ತೆಮತ್ತೆ ಹೇಳುವುದು ಇದಕ್ಕೆ. ಹೊಸ ಐಫೋನುಗಳಲ್ಲಿ ಸಂಚಾರಕ್ಕೆಂದು ಗುರುತು ಮಾಡಿಟ್ಟ ಕಾರ್ಡ್, ಬ್ಯಾಟರಿ ಮುಗಿದ ಮೇಲೂ ಕೆಲವು ಗಂಟೆ ಟ್ಯಾಪ್‌ಗೆ ಉತ್ತರಿಸುತ್ತದೆ. ಫೋನನ್ನು ನೀವೇ ಆಫ್ ಮಾಡಿದರೆ ಮಾತ್ರ ಆ ಅನುಕೂಲ ಇರುವುದಿಲ್ಲ.

ಗೇಟಿಗೆ ದರ ಗೊತ್ತಿಲ್ಲದ ಈ ವ್ಯವಸ್ಥೆಯ ಕೊರತೆ ಸಿಂಗಪುರದಲ್ಲಿ 2024ರ ಜನವರಿಯಲ್ಲಿ ಬಯಲಾಯಿತು. ಹಣವನ್ನು ಕಾರ್ಡಿನಲ್ಲೇ ಇಡುವ ಹಳೆಯ ಪದ್ಧತಿಯನ್ನು ಜೂನ್ 1ಕ್ಕೆ ನಿಲ್ಲಿಸಿ, ವಯಸ್ಕ ಪ್ರಯಾಣಿಕರನ್ನೆಲ್ಲ 'ಸಿಂಪ್ಲಿಗೋ' ಎಂಬ ಸರ್ವರ್ ಲೆಕ್ಕದ ಪದ್ಧತಿಗೆ ತರುವುದಾಗಿ ಅಲ್ಲಿನ ಸಾರಿಗೆ ಪ್ರಾಧಿಕಾರ ಜನವರಿ 9ರಂದು ಪ್ರಕಟಿಸಿತು. ಹೊಸ ಪದ್ಧತಿಯಲ್ಲಿ ಹೊರಬರುವಾಗ ಗೇಟಿನ ಪರದೆಯಲ್ಲಿ ಕಡಿತವಾದ ಹಣವಾಗಲಿ ಉಳಿದ ಬ್ಯಾಲೆನ್ಸಾಗಲಿ ಕಾಣುವುದಿಲ್ಲ, ಆ್ಯಪ್ ತೆರೆದು ನೋಡಬೇಕು. ಜನ ಒಪ್ಪಲಿಲ್ಲ. ಎರಡೇ ವಾರದೊಳಗೆ, ಜನವರಿ 22ರಂದು, ಸರ್ಕಾರ ನಿರ್ಧಾರ ಹಿಂತೆಗೆದುಕೊಂಡು, ಹಳೆಯ ಪದ್ಧತಿಯನ್ನೂ ಉಳಿಸಿಕೊಳ್ಳಲು 4 ಕೋಟಿ ಸಿಂಗಪುರ ಡಾಲರ್ ಖರ್ಚು ಮಾಡುವುದಾಗಿ ಹೇಳಿತು. ಕಣ್ಣೆದುರೇ ಕಡಿತ ಕಾಣಬೇಕೆಂಬುದು ಹಳೆ ಕಾಲದವರ ಹಠವಲ್ಲ. ತಪ್ಪು ಕಡಿತವಾದರೆ ಸಿಬ್ಬಂದಿ ಎದುರಿಗಿರುವಾಗಲೇ ಕೇಳಲು ಸಾಧ್ಯವಾಗುವುದು ಆಗ ಮಾತ್ರ.

ಬೆಂಗಳೂರಿಗೆ ಬರಲಿರುವ ಪ್ರಶ್ನೆ

ನಮ್ಮ ಗೇಟುಗಳ ಲೆಕ್ಕ ಇಷ್ಟು ಸರಳವಾಗಿರುವುದಕ್ಕೆ ಜಾಲದ ಆಕಾರವೂ ಕಾರಣ. ನೇರಳೆ ಮತ್ತು ಹಸಿರು ಮಾರ್ಗ ಮೆಜೆಸ್ಟಿಕ್‌ನಲ್ಲಿ ಸೇರುತ್ತವೆ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಹಸಿರನ್ನು ಆರ್.ವಿ. ರಸ್ತೆಯಲ್ಲಿ ಸೇರುತ್ತದೆ. ಈ ಮೂರರಲ್ಲಿ ಎಲ್ಲೂ ಸುತ್ತು ಇಲ್ಲ, ಯಾವುದೇ ಎರಡು ನಿಲ್ದಾಣಗಳ ನಡುವೆ ಇರುವುದು ಒಂದೇ ದಾರಿ. ಹತ್ತಿದ್ದು ಇಳಿದದ್ದು ಗೊತ್ತಾದರೆ ದೂರವೂ ಗೊತ್ತಾದಂತೆ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗ ಪೂರ್ತಿ ತೆರೆದಾಗ ಅದು ಹಳದಿಯನ್ನು ಜಯದೇವದಲ್ಲಿ, ನೇರಳೆಯನ್ನು ಎಂ.ಜಿ. ರಸ್ತೆಯಲ್ಲಿ ಮುಟ್ಟುತ್ತದೆ. ಆಗ ಮೆಜೆಸ್ಟಿಕ್, ಆರ್.ವಿ. ರಸ್ತೆ, ಜಯದೇವ, ಎಂ.ಜಿ. ರಸ್ತೆಗಳನ್ನು ಸುತ್ತುವ ಒಂದು ವರ್ತುಲ ಮೂಡುತ್ತದೆ. ಜಯದೇವದಿಂದ ಮೆಜೆಸ್ಟಿಕ್‌ಗೆ ಆರ್.ವಿ. ರಸ್ತೆಯ ಮೇಲೂ ಬರಬಹುದು, ಎಂ.ಜಿ. ರಸ್ತೆಯ ಮೇಲೂ ಬರಬಹುದು. ಮಧ್ಯೆ ಗೇಟು ದಾಟದೆ ರೈಲು ಬದಲಿಸುವುದರಿಂದ ಯಾವ ದಾರಿಯಲ್ಲಿ ಬಂದಿರೆಂದು ಹೊರಗೇಟಿಗೆ ತಿಳಿಯುವುದಿಲ್ಲ.

ಲಂಡನ್ನಿನಲ್ಲಿ ಇದೇ ತೊಡಕಿಗೆ ಕೆಲವು ಬದಲಾವಣೆ ನಿಲ್ದಾಣಗಳಲ್ಲಿ ಗುಲಾಬಿ ಬಣ್ಣದ ರೀಡರುಗಳನ್ನು ಇಟ್ಟಿದ್ದಾರೆ. ದುಬಾರಿ ನಗರಕೇಂದ್ರವನ್ನು ತಪ್ಪಿಸಿ ಬಂದವರು ಅಲ್ಲಿ ಒಂದು ಟ್ಯಾಪ್ ಮಾಡಿದರೆ ಕಡಿಮೆ ದರ ಸಿಗುತ್ತದೆ, ಮರೆತರೆ ಹೆಚ್ಚಿನ ದರ. ಬೆಂಗಳೂರಿಗೆ ಇದು ಬೇಡ. ದಿನವೂ ಲಕ್ಷಗಟ್ಟಲೆ ಜನ ಬದಲಾವಣೆ ನಿಲ್ದಾಣಗಳಲ್ಲಿ ಓಡಾಡುವಾಗ ಇನ್ನೊಂದು ಯಂತ್ರದ ಮುಂದೆ ಸಾಲು ನಿಲ್ಲಿಸುವುದಕ್ಕಿಂತ, ಪ್ರತಿ ಜೋಡಿಗೂ ಹತ್ತಿರದ ದಾರಿಯ ದೂರವನ್ನೇ ಹಿಡಿದು ಕೋಷ್ಟಕ ಬರೆಯುವುದು ಸುಲಭ, ನ್ಯಾಯವೂ ಹೌದು. ಸುತ್ತಿ ಬಂದವರಿಗೆ ಕೆಲವು ಕಿಲೋಮೀಟರ್ ಉಚಿತವಾಗುತ್ತದೆ, ಮೆಟ್ರೊಗೆ ಸ್ವಲ್ಪ ಆದಾಯ ತಪ್ಪುತ್ತದೆ. ಆದರೆ ಮೆಜೆಸ್ಟಿಕ್‌ನ ಗುಂಪನ್ನು ತಪ್ಪಿಸಿ ಎಂ.ಜಿ. ರಸ್ತೆಯಲ್ಲಿ ಬದಲಿಸುವವರಿಗೆ ಹೆಚ್ಚು ದರ ಹಾಕಿದರೆ, ಗುಲಾಬಿ ಮಾರ್ಗದಿಂದ ಕಡಿಮೆಯಾಗಬೇಕಾದ ದಟ್ಟಣೆ ಮೆಜೆಸ್ಟಿಕ್‌ನಲ್ಲೇ ಉಳಿಯುತ್ತದೆ. ಆ ಮಾರ್ಗ ತೆರೆಯುವ ದಿನ ಗೇಟುಗಳಿಗೆ ಹೋಗುವ ಹೊಸ ಕೋಷ್ಟಕದಲ್ಲಿ ಹಳೆಯ ಜೋಡಿಗಳ ದರವೂ ಎಷ್ಟೋ ಕಡೆ ಕಡಿಮೆಯಾಗಬೇಕು, ಏಕೆಂದರೆ ಅವುಗಳ ನಡುವೆ ಹೊಸದೊಂದು ಹತ್ತಿರದ ದಾರಿ ಸಿಕ್ಕಿರುತ್ತದೆ. ಇಂದಿರಾನಗರದಿಂದ ಸಿಲ್ಕ್ ಬೋರ್ಡಿಗೆ ಹೋಗುವವರು ಅಂದು ತಮ್ಮ ಕಾರ್ಡಿನ ಕಡಿತವನ್ನು ಹಿಂದಿನ ದಿನದ್ದರೊಡನೆ ಹೋಲಿಸಿ ನೋಡಲಿ.